ಪ್ರಿಸಿಷನ್ ರೆಕ್ಟಿಫೈಯರ್: ಡಯೋಡ್ ನುಂಗುವ 0.6 ವೋಲ್ಟ್ ಎಲ್ಲಿ ಮಾಯವಾಗುತ್ತದೆ?

ಎಸಿ ಸಿಗ್ನಲ್ಲನ್ನು ಒಂದೇ ದಿಕ್ಕಿಗೆ ತಿರುಗಿಸುವ ಸರ್ಕ್ಯೂಟಿಗೆ ರೆಕ್ಟಿಫೈಯರ್ ಅಂತ ಹೆಸರು. ಇದಕ್ಕೆ ಒಂದು ಡಯೋಡ್ ಸಾಕು. ಆದರೆ ಡಯೋಡ್ ಪುಕ್ಕಟೆ ಕೆಲಸ ಮಾಡುವುದಿಲ್ಲ, ದಾಟಿ ಹೋಗುವ ಸಿಗ್ನಲ್ಲಿನಲ್ಲಿ ಸುಮಾರು 0.6 ವೋಲ್ಟ್ ತಾನೇ ಇಟ್ಟುಕೊಳ್ಳುತ್ತದೆ. ಡಯೋಡನ್ನು ಆಪ್-ಆಂಪ್ ಎಂಬ ಆಂಪ್ಲಿಫೈಯರ್ ಚಿಪ್ ಜೊತೆ ಸೇರಿಸಿ ಈ ನಷ್ಟವನ್ನು ಲೆಕ್ಕಕ್ಕೇ ಬಾರದಷ್ಟು ಕಡಿಮೆ ಮಾಡಿದರೆ, ಅದು ಪ್ರಿಸಿಷನ್ ರೆಕ್ಟಿಫೈಯರ್.

12 ವೋಲ್ಟಿನ ಅಡಾಪ್ಟರಿನಲ್ಲಿ 0.6 ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತೊಂದರೆ ಇರುವುದು ಅಳತೆಯ ಕೆಲಸದಲ್ಲಿ. ಅಲ್ಲಿ ಸಿಗ್ನಲ್ಲೇ ಅಷ್ಟು ದೊಡ್ಡದಿರುವುದಿಲ್ಲ.

ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್ಲನ್ನೇ ತೆಗೆದುಕೊಳ್ಳೋಣ. ಭತ್ತವನ್ನು ಮೇಲಕ್ಕೆ ಎತ್ತುವ ಬಕೆಟ್ ಎಲಿವೇಟರಿಗೆ ಒಂದು ಮೋಟರ್ ಇದೆ. ಖಾಲಿ ಓಡುವಾಗ ಅದು 4 ಆಂಪ್, ಪೂರ್ತಿ ಲೋಡಿನಲ್ಲಿ 10 ಆಂಪ್ ಎಳೆಯುತ್ತದೆ ಅಂದುಕೊಳ್ಳಿ. ಕೆಳಗೆ ಭತ್ತ ಕಟ್ಟಿಕೊಂಡರೆ ಕರೆಂಟ್ ಏರುತ್ತದೆ. ಅದು ಪ್ಯಾನಲ್ಲಿನಲ್ಲಿ ಕಾಣಬೇಕು, ಮಿತಿ ದಾಟಿದರೆ ಮೋಟರ್ ನಿಲ್ಲಬೇಕು. ಅದಕ್ಕೆ ಮೋಟರಿನ ಒಂದು ವೈರಿಗೆ 1000:1 ರ ಚಿಕ್ಕ ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ಸಿ.ಟಿ. ಹಾಕಿ, ಅದರ ಎರಡು ತುದಿಗೆ 10 ಓಮ್ ರೆಸಿಸ್ಟರ್ ಕಟ್ಟುತ್ತೇವೆ. 10 ಆಂಪ್ ಹರಿದರೆ ಸಿ.ಟಿ.ಯಿಂದ 10 ಮಿಲಿಆಂಪ್ ಬರುತ್ತದೆ, ರೆಸಿಸ್ಟರಿನ ಮೇಲೆ 100 ಮಿಲಿವೋಲ್ಟ್. 4 ಆಂಪಿಗೆ ಬರೀ 40 ಮಿಲಿವೋಲ್ಟ್. (ಮೋಟರ್ ಓಡುತ್ತಿರುವಾಗ ಈ ರೆಸಿಸ್ಟರನ್ನು ಬಿಚ್ಚಬೇಡಿ. ತೆರೆದುಕೊಂಡ ಸಿ.ಟಿ. ತುದಿಯಲ್ಲಿ ವೋಲ್ಟೇಜ್ ಸಿಕ್ಕಾಪಟ್ಟೆ ಏರುತ್ತದೆ.)

100 ಮಿಲಿವೋಲ್ಟ್ ಅನ್ನುವುದು ಆರ್‌ಎಂಎಸ್ ಲೆಕ್ಕ. ಅಲೆಯ ತುದಿ ಮುಟ್ಟುವುದು 141 ಮಿಲಿವೋಲ್ಟ್, ಅಂದರೆ 0.14 ವೋಲ್ಟ್. ಇದನ್ನು ಒಂದು 1N4148 ಡಯೋಡಿಗೆ ಕೊಟ್ಟರೆ ಆಚೆ ಕಡೆ ಏನೂ ಬರುವುದಿಲ್ಲ. ಕಾಲುವೆಯಲ್ಲಿ ನೀರಿದ್ದರೂ ತೂಬಿನ ಹೊಸ್ತಿಲಿಗಿಂತ ಕೆಳಗಿದ್ದರೆ ಗದ್ದೆಗೆ ಹನಿಯೂ ಇಳಿಯುವುದಿಲ್ಲ, ಹಾಗೆ. ಮೋಟರ್ ಓಡುತ್ತಿರುತ್ತದೆ, ಮೀಟರ್ ಸೊನ್ನೆ ತೋರಿಸುತ್ತಿರುತ್ತದೆ.

"ಮೊದಲು ಸಿಗ್ನಲ್ಲನ್ನು ಹತ್ತು ಪಟ್ಟು ದೊಡ್ಡದು ಮಾಡಿ, ಆಮೇಲೆ ಡಯೋಡಿಗೆ ಕೊಟ್ಟರಾಯ್ತಲ್ವಾ?" ಅಂತ ಡಿಪ್ಲೊಮಾ ಹುಡುಗರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ, ಲೆಕ್ಕ ಹಾಕಿಯೇ ನೋಡೋಣ. 5 ಆಂಪಿಗೆ ಅಲೆಯ ತುದಿ 0.71 ವೋಲ್ಟ್ ಆಗುತ್ತದೆ. ಡಯೋಡ್ 0.6 ಹಿಡಿದುಕೊಂಡರೆ ಉಳಿಯುವುದು 0.11. 10 ಆಂಪಿಗೆ ತುದಿ 1.41, ಉಳಿಯುವುದು 0.81. ಕರೆಂಟ್ ಎರಡು ಪಟ್ಟಾದರೆ ಔಟ್‌ಪುಟ್ ಏಳು ಪಟ್ಟಿಗೂ ಜಾಸ್ತಿ ಆಯಿತು. 4 ಆಂಪಿಗಂತೂ ಏನೂ ಇಲ್ಲ. ಇಂಥ ಮೀಟರಿಗೆ ಸಮನಾದ ಗೆರೆಗಳ ಸ್ಕೇಲ್ ಬರೆಯಲು ಆಗುವುದಿಲ್ಲ.

ಅದಕ್ಕಿಂತ ಕೆಟ್ಟದ್ದು ಬಿಸಿಲು. ಡಯೋಡಿನ ಈ 0.6 ವೋಲ್ಟ್ ಖಾಯಂ ಅಲ್ಲ, ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ರಾಯಚೂರು, ಕೊಪ್ಪಳದ ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟಿರುತ್ತದೆ, ತಗಡಿನ ಪ್ಯಾನಲ್ ಒಳಗೆ ಇನ್ನೂ ಜಾಸ್ತಿ. ಜನವರಿಯ ಬೆಳಗ್ಗೆಗೂ ಮೇ ಮಧ್ಯಾಹ್ನಕ್ಕೂ ಡಬ್ಬಿಯೊಳಗೆ 40 ಡಿಗ್ರಿ ವ್ಯತ್ಯಾಸ ಬಂದರೆ 80 ಮಿಲಿವೋಲ್ಟ್ ಆಚೀಚೆ ಆಯಿತು. ಚಳಿಯಲ್ಲಿ ಸೆಟ್ ಮಾಡಿದ ಟ್ರಿಪ್ ಬೇಸಿಗೆಯಲ್ಲಿ ಸುಮ್ಸುಮ್ನೆ ಬೀಳುತ್ತದೆ. ಶಾಟ್ಕಿ ಡಯೋಡ್ ಹಾಕಿದರೆ ನಷ್ಟ ಕಡಿಮೆ ಆಗುತ್ತದೆ ನಿಜ, ಆದರೆ ಅದು ಬಿಸಿಯಲ್ಲಿ ಹಿಂದಕ್ಕೆ ಸೋರುತ್ತದೆ. ಡಯೋಡ್ ಬದಲಿಸುತ್ತಾ ಕೂತರೆ ಇದಕ್ಕೆ ಕೊನೆಯಿಲ್ಲ.

ಪ್ರಿಸಿಷನ್ ರೆಕ್ಟಿಫೈಯರ್ ಡಯೋಡನ್ನು ಬದಲಿಸುವುದಿಲ್ಲ, ಅದರ ಜಾಗ ಬದಲಿಸುತ್ತದೆ. ಆಪ್-ಆಂಪಿನ ಪ್ಲಸ್ ಪಿನ್ನಿಗೆ ಸಿಗ್ನಲ್ ಕೊಡಿ. ಔಟ್‌ಪುಟ್ ಪಿನ್ನಿನಿಂದ ಡಯೋಡ್, ಡಯೋಡಿನ ಆಚೆ ತುದಿಯಿಂದ ನೆಲಕ್ಕೆ 10 ಕಿಲೋ ಓಮ್ ಲೋಡ್. ಈಗ ಮೈನಸ್ ಪಿನ್ನಿಗೆ ಹೋಗುವ ಫೀಡ್‌ಬ್ಯಾಕ್ ವೈರನ್ನು ಆಪ್-ಆಂಪಿನ ಔಟ್‌ಪುಟ್ಟಿನಿಂದ ತೆಗೆದುಕೊಳ್ಳಬೇಡಿ, ಡಯೋಡ್ ದಾಟಿದ ಮೇಲಿನ ಬಿಂದುವಿನಿಂದ ತೆಗೆದುಕೊಳ್ಳಿ. ಎಲ್ಲ ಗುಟ್ಟು ಈ ಒಂದು ವೈರಿನಲ್ಲಿದೆ.

ಪ್ಲಸ್ ಪಿನ್ನಿಗೆ 0.1 ವೋಲ್ಟ್ ಬಂತು ಅನ್ನಿ. ಡಯೋಡ್ ಇನ್ನೂ ತೆರೆದಿಲ್ಲ, ಹಾಗಾಗಿ ಮೈನಸ್ ಪಿನ್ನಿನಲ್ಲಿ ಸೊನ್ನೆ. ಎರಡೂ ಪಿನ್ ಸಮ ಆಗುವ ತನಕ ಆಪ್-ಆಂಪ್ ಔಟ್‌ಪುಟ್ಟನ್ನು ಏರಿಸುತ್ತಲೇ ಹೋಗುತ್ತದೆ. 0.1 ಕ್ಕೆ ನಿಲ್ಲುವುದಿಲ್ಲ, 0.5 ಕ್ಕೂ ನಿಲ್ಲುವುದಿಲ್ಲ. 0.7 ರ ಹತ್ತಿರ ಬಂದಾಗ ಡಯೋಡ್ ತನ್ನ 0.6 ಇಟ್ಟುಕೊಂಡು ಉಳಿದ 0.1 ಅನ್ನು ಲೋಡಿಗೆ ಬಿಡುತ್ತದೆ. ಮೈನಸ್ ಪಿನ್ನಿಗೂ 0.1 ಬಂತು, ಏರಿಕೆ ನಿಂತಿತು. ಡಯೋಡ್ ತನ್ನ ಪಾಲು ಬಿಟ್ಟಿಲ್ಲ, ಆದರೆ ಆ ಪಾಲನ್ನು ಈಗ ಕೊಡುತ್ತಿರುವುದು ಆಪ್-ಆಂಪಿನ ಪವರ್ ಸಪ್ಲೈ, ನಮ್ಮ ಪುಟ್ಟ ಸಿಗ್ನಲ್ ಅಲ್ಲ. ಬಿಸಿಲಿಗೆ 0.6 ಇಳಿದು 0.52 ಆದರೆ ಆಪ್-ಆಂಪ್ 0.62 ಕ್ಕೇ ನಿಲ್ಲುತ್ತದೆ, ಲೋಡಿಗೆ ಆಗಲೂ 0.1.

ನಷ್ಟ ಪೂರ್ತಿ ಸೊನ್ನೆಯೇ? ಅಲ್ಲ. ಔಟ್‌ಪುಟ್ಟನ್ನು ಆ 0.6 ವೋಲ್ಟ್ ಮೇಲೆ ಎತ್ತಲು ಎರಡು ಪಿನ್ನುಗಳ ನಡುವೆ ಚೂರು ವ್ಯತ್ಯಾಸ ಬೇಕು. ಎಷ್ಟು ಅಂದರೆ 0.6 ಅನ್ನು ಆಪ್-ಆಂಪಿನ ಗೇನಿನಿಂದ ಭಾಗಿಸಿದಷ್ಟು. LM358 ರ ಗೇನ್ ಡಿಸಿಯಲ್ಲಿ ಲಕ್ಷದ ಹತ್ತಿರ ಇದ್ದರೂ 50 ಹರ್ಟ್ಸ್‌ನಲ್ಲಿ 20,000 ದ ಆಸುಪಾಸಿಗೆ ಇಳಿದಿರುತ್ತದೆ. ಅಂದರೆ 30 ಮೈಕ್ರೋವೋಲ್ಟ್. ನಮ್ಮ 40 ಮಿಲಿವೋಲ್ಟಿನ ಮುಂದೆ ಅದು ಯಾವ ಲೆಕ್ಕ?

ಈ ಸರ್ಕ್ಯೂಟಿಗೆ ಸೂಪರ್ ಡಯೋಡ್ ಅಂತಲೂ ಕರೆಯುತ್ತಾರೆ. ಹೆಸರು ಜೋರಾಗಿದೆ, ಆದರೆ ಒಂದು ಕೊರತೆ ಇದೆ. ಸಿಗ್ನಲ್ ಮೈನಸ್ಸಿಗೆ ಹೋದಾಗ ಡಯೋಡ್ ಮುಚ್ಚಿಕೊಳ್ಳುತ್ತದೆ, ಫೀಡ್‌ಬ್ಯಾಕ್ ಕಡಿದು ಹೋಗುತ್ತದೆ. ಹಿಡಿತ ತಪ್ಪಿದ ಆಪ್-ಆಂಪ್ ನೇರವಾಗಿ ಮೈನಸ್ ಸಪ್ಲೈ ತಳಕ್ಕೆ ಹೋಗಿ ಬೀಳುತ್ತದೆ. ಮತ್ತೆ ಪ್ಲಸ್ ಅರ್ಧ ಶುರುವಾದಾಗ ಅಲ್ಲಿಂದ ಎದ್ದು ಬರಬೇಕು. 741 ರಂಥ ಆಪ್-ಆಂಪ್ ಮೈಕ್ರೋಸೆಕೆಂಡಿಗೆ ಅರ್ಧ ವೋಲ್ಟ್ ಮಾತ್ರ ಏರಬಲ್ಲದು. ಮೈನಸ್ 10 ರಿಂದ ಹತ್ತಲು 20 ಮೈಕ್ರೋಸೆಕೆಂಡಿಗೂ ಜಾಸ್ತಿ ಬೇಕು. 50 ಹರ್ಟ್ಸ್‌ನಲ್ಲಿ ಅರ್ಧ ಅಲೆಗೆ 10 ಮಿಲಿಸೆಕೆಂಡ್ ಇರುವುದರಿಂದ ಇದು ಕಾಣುವುದೇ ಇಲ್ಲ. 10 ಕಿಲೋಹರ್ಟ್ಸ್ ಆಡಿಯೋ ಕೊಟ್ಟು ನೋಡಿ, ಅರ್ಧ ಅಲೆಗೆ ಸಿಗುವುದೇ 50 ಮೈಕ್ರೋಸೆಕೆಂಡ್. ಆಸಿಲೋಸ್ಕೋಪಿನಲ್ಲಿ ಅಲೆಯ ಪ್ರತಿ ಉಬ್ಬಿನ ಮೊದಲ ಭಾಗವನ್ನು ಯಾರೋ ಕಚ್ಚಿ ತಿಂದಂತೆ ಕಾಣುತ್ತದೆ.

ಮಿಲ್ಲಿನ ಮೀಟರಿಗೆ ಸೂಪರ್ ಡಯೋಡೂ ನಡೆಯುತ್ತದೆ. ಆದರೂ ನಾನು ಎರಡು ಡಯೋಡಿನ ಇನ್‌ವರ್ಟಿಂಗ್ ಸರ್ಕ್ಯೂಟನ್ನೇ ಹಾಕು ಅನ್ನುತ್ತೇನೆ. ಕಾರಣ, ಅದರಿಂದ ಅಲೆಯ ಎರಡೂ ಅರ್ಧವನ್ನು ಪಡೆಯುವುದು ಸುಲಭ. ಇಲ್ಲಿ ಸಿಗ್ನಲ್ 10 ಕಿಲೋ ಓಮ್ ಮೂಲಕ ಮೈನಸ್ ಪಿನ್ನಿಗೆ ಬರುತ್ತದೆ, ಪ್ಲಸ್ ಪಿನ್ ನೆಲಕ್ಕೆ. ಒಂದು ಅರ್ಧದಲ್ಲಿ ಮೊದಲ ಡಯೋಡ್ ಇನ್ನೊಂದು 10 ಕಿಲೋ ಓಮ್ ಮೂಲಕ ಫೀಡ್‌ಬ್ಯಾಕ್ ಕೊಡುತ್ತದೆ. ಇನ್ನೊಂದು ಅರ್ಧದಲ್ಲಿ ಎರಡನೇ ಡಯೋಡ್ ಔಟ್‌ಪುಟ್ಟನ್ನು ನೇರವಾಗಿ ಮೈನಸ್ ಪಿನ್ನಿಗೆ ಕಟ್ಟಿಹಾಕುತ್ತದೆ. ಹಾಗಾಗಿ ಆಪ್-ಆಂಪ್ ಯಾವಾಗಲೂ ಹಿಡಿತದಲ್ಲೇ ಇರುತ್ತದೆ. ಮೈನಸ್ 0.6 ಮತ್ತು ಪ್ಲಸ್ 0.6 ರ ನಡುವೆ ಹಾರಿದರೆ ಸಾಕು, ತಳಕ್ಕೆ ಬೀಳುವ ಪ್ರಶ್ನೆಯೇ ಇಲ್ಲ.

ಈ ಹಂತದಿಂದ ಹೊರಬರುವುದು ಅರ್ಧ ಅಲೆ, ಅದೂ ತಲೆಕೆಳಗಾಗಿ. ಎರಡನೇ ಆಪ್-ಆಂಪ್ ಮೂಲ ಸಿಗ್ನಲ್ಲಿಗೆ ಈ ಅರ್ಧ ಅಲೆಯ ಎರಡು ಪಟ್ಟನ್ನು ಕೂಡಿಸಿ, ಚಿಹ್ನೆ ತಿರುಗಿಸುತ್ತದೆ:

```
Vout = -(Vin + 2 × Vhalf)

Vin = +0.1, Vhalf = -0.1  →  Vout = +0.1
Vin = -0.1, Vhalf =  0    →  Vout = +0.1
```

ಎರಡು ಪಟ್ಟು ಬರುವುದು ರೆಸಿಸ್ಟರಿನಿಂದ. ಮೂಲ ಸಿಗ್ನಲ್ಲಿಗೆ 10 ಕಿಲೋ ಓಮ್, ಅರ್ಧ ಅಲೆಗೆ 5 ಕಿಲೋ ಓಮ್. 5 ಕಿಲೋ ಅಂಗಡಿಯಲ್ಲಿ ಸಿಗಲಿಲ್ಲ ಅಂದರೆ ಎರಡು 10 ಕಿಲೋ ಪ್ಯಾರಲಲ್ ಆಗಿ ಜೋಡಿಸಿ. ಎಲ್ಲವೂ ಶೇ 1 ರದ್ದೇ ಇರಲಿ. ಶೇ 5 ರದ್ದು ಹಾಕಿದರೆ ಉಬ್ಬುಗಳು ಒಂದು ಎತ್ತರ, ಒಂದು ಗಿಡ್ಡ ಬರುತ್ತವೆ. ಸ್ಕೋಪಿನಲ್ಲಿ ಹೀಗೆ ಕಂಡರೆ ಡಯೋಡನ್ನು ಅನುಮಾನಿಸಬೇಡಿ, ರೆಸಿಸ್ಟರ್ ಅಳೆಯಿರಿ.

ಎರಡನೇ ಆಪ್-ಆಂಪಿನ ಫೀಡ್‌ಬ್ಯಾಕ್ ರೆಸಿಸ್ಟರಿಗೆ ಅಡ್ಡಲಾಗಿ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಉಬ್ಬುಗಳು ಕರಗಿ ಬಹುಪಾಲು ಸಮತಟ್ಟಾದ ಡಿಸಿ ಬರುತ್ತದೆ. ಪ್ಲಸ್ ಕಾಲು ಔಟ್‌ಪುಟ್ ಕಡೆಗಿರಲಿ. ಈ ಡಿಸಿ ಅಲೆಯ ಸರಾಸರಿ, ಆರ್‌ಎಂಎಸ್ ಅಲ್ಲ. 100 ಮಿಲಿವೋಲ್ಟಿಗೆ 90 ಬರುತ್ತದೆ. ಫೀಡ್‌ಬ್ಯಾಕ್ ರೆಸಿಸ್ಟರನ್ನು 10 ಕಿಲೋ ಜೊತೆಗೆ 2 ಕಿಲೋ ಪ್ರೀಸೆಟ್ ಮಾಡಿ 11.1 ಕಿಲೋಗೆ ತಿರುಗಿಸಿದರೆ ಸರಿಯಾಗಿ 100 ಆಗುತ್ತದೆ. ಆಗ ಆಂಪಿಗೆ 10 ಮಿಲಿವೋಲ್ಟ್, ಓದಲು ಹಾಯಾಗಿದೆ.

ಡಯೋಡಿನ ಕಾಟ ಹೋಯಿತು. ಈಗ ಅದರ ಹಿಂದೆ ಅಡಗಿದ್ದ ಇನ್ನೊಂದು ಕಾಟ ಹೊರಬರುತ್ತದೆ, ಆಪ್-ಆಂಪಿನ ಆಫ್‌ಸೆಟ್, ಅಂದರೆ ಸಿಗ್ನಲ್ ಇಲ್ಲದಾಗಲೂ ಅದರ ಎರಡು ಪಿನ್ನುಗಳ ನಡುವೆ ಉಳಿಯುವ ಚೂರು ವೋಲ್ಟೇಜ್. LM358 ರಲ್ಲಿ ಇದು ಸಾಮಾನ್ಯವಾಗಿ 2 ಮಿಲಿವೋಲ್ಟ್, ಕೆಲವು ಚಿಪ್ಪಿನಲ್ಲಿ 7 ರ ತನಕ. ಎರಡನೇ ಹಂತದಲ್ಲಿ ಇದು ಸುಮಾರು ನಾಲ್ಕು ಪಟ್ಟಾಗುತ್ತದೆ, ಏಕೆಂದರೆ 10 ಕಿಲೋ ಮತ್ತು 5 ಕಿಲೋ ಎರಡೂ ಮೈನಸ್ ಪಿನ್ನಿಗೆ ಸೇರುತ್ತವೆ. ಅಂದರೆ 8 ಮಿಲಿವೋಲ್ಟ್. ಮೋಟರ್ ನಿಂತಿದ್ದರೂ ಮೀಟರ್ ಮುಕ್ಕಾಲು ಆಂಪ್ ತೋರಿಸಬಹುದು. ಪತ್ತೆ ಮಾಡುವುದು ಸುಲಭ: ಇನ್‌ಪುಟ್ಟನ್ನು ನೆಲಕ್ಕೆ ಶಾರ್ಟ್ ಮಾಡಿ ಔಟ್‌ಪುಟ್ ಅಳೆಯಿರಿ. ಬಂದದ್ದೆಲ್ಲ ಆಫ್‌ಸೆಟ್. ಅದು ಜಾಸ್ತಿ ಇದ್ದರೆ OP07 ಹಾಕಿ, ಅದರ ಆಫ್‌ಸೆಟ್ 0.1 ಮಿಲಿವೋಲ್ಟಿನ ಆಸುಪಾಸು. ಇಲ್ಲವೇ ಸಿಗ್ನಲ್ಲನ್ನು ಮೊದಲೇ ಹತ್ತು ಪಟ್ಟು ಮಾಡಿ, ನಡುವೆ ಒಂದು ಕೆಪಾಸಿಟರ್ ಇಟ್ಟು ರೆಕ್ಟಿಫೈಯರಿಗೆ ಕೊಡಿ. ಹುಡುಗರ ಉಪಾಯ ಇಲ್ಲಿ ಉಪಯೋಗಕ್ಕೆ ಬಂತು.

ಸಪ್ಲೈ ವಿಷಯ. LM358 ಒಂದೇ ಸಪ್ಲೈಯಲ್ಲಿ ಓಡುತ್ತದೆ ಅಂತ ಅದರ ಮೈನಸ್ ಸಪ್ಲೈ ಪಿನ್ನನ್ನು ನೆಲಕ್ಕೆ ಕಟ್ಟಿದರೆ ಈ ಸರ್ಕ್ಯೂಟ್ ನಡೆಯುವುದಿಲ್ಲ. ಮೊದಲ ಹಂತದ ಔಟ್‌ಪುಟ್ ಸೊನ್ನೆಗಿಂತ ಕೆಳಗೆ ಇಳಿಯಲೇಬೇಕು. ಪ್ಲಸ್ 12, ಮೈನಸ್ 12 ಎರಡೂ ಕೊಡಿ.

ಮೇಲೆ ಹಾಕಿದ 11.1 ರ ಲೆಕ್ಕ ಶುದ್ಧ ಸೈನ್ ಅಲೆಗೆ ಮಾತ್ರ. ಮೋಟರ್ ನೇರ ಲೈನಿನ ಮೇಲೆ, ಸ್ಟಾರ್ಟರ್ ಮೂಲಕ ಓಡುತ್ತಿದ್ದರೆ ಪರವಾಗಿಲ್ಲ. ಈಗ ಮಿಲ್ಲುಗಳಲ್ಲಿ ಮೋಟರಿನ ವೇಗ ಬದಲಿಸುವ ವಿಎಫ್‌ಡಿ ಡ್ರೈವ್ ಬರುತ್ತಿವೆ. ಡ್ರೈವಿನ ಇನ್‌ಪುಟ್ ಕಡೆ ಸಿ.ಟಿ. ಹಾಕಿದರೆ ಕರೆಂಟ್ ಚೂಪು ಚೂಪಾಗಿ ಬರುತ್ತದೆ, ಸರಾಸರಿಯಿಂದ ಆರ್‌ಎಂಎಸ್ ಊಹಿಸಿದರೆ ಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಅಂಥ ಕಡೆ AD736 ರಂಥ ನಿಜವಾದ ಆರ್‌ಎಂಎಸ್ ಲೆಕ್ಕ ಹಾಕುವ ಚಿಪ್ಪೇ ಬೇಕು.