ಗಂಟಲು ನೋವು ವಾಸಿಯಾಗಿ ಎಷ್ಟೋ ವರ್ಷ ಆದ್ಮೇಲೆ ಹಾರ್ಟ್ ವಾಲ್ವ್ ಹಾಳಾಗೋದು ಹೇಗೆ?

ಹಾಳು ಮಾಡೋದು ರುಮ್ಯಾಟಿಕ್ ಫೀವರ್, ಗಂಟಲು ನೋವಿನ ಬೆನ್ನಲ್ಲೇ ಬಂದು ಹೃದಯಕ್ಕೆ ಕೈ ಹಾಕೋ ಕಾಯಿಲೆ. ಆ ಹೆಸರಲ್ಲೇ ಅರ್ಧ ಗೊಂದಲ ಇದೆ. ಕೇಳಿದವರು ಇದು ಕೀಲಿನ ಕಾಯಿಲೆ ಅನ್ಕೋತಾರೆ, ದೊಡ್ಡವರಿಗೆ ಬರೋ ರುಮಟಾಯ್ಡ್ ಆರ್ಥ್ರೈಟಿಸ್ ಜೊತೆ ಸೇರಿಸಿಬಿಡ್ತಾರೆ. ಇನ್ನು ಕೆಲವರು ಬ್ಲಡ್ ರಿಪೋರ್ಟಲ್ಲಿ ಎಎಸ್ಓ ಜಾಸ್ತಿ ಇದೆ ಅಂದ ತಕ್ಷಣ ಮಗುಗೆ ಹಾರ್ಟ್ ಪ್ರಾಬ್ಲಮ್ ಬಂತು ಅಂತ ಗಾಬರಿ ಆಗ್ತಾರೆ. ಆ ಟೆಸ್ಟ್ ಹೇಳೋದು ಇಷ್ಟೇ, ಇತ್ತೀಚೆಗೆ ಸ್ಟ್ರೆಪ್ ಅನ್ನೋ ಬ್ಯಾಕ್ಟೀರಿಯಾದ ಇನ್ಫೆಕ್ಷನ್ ಆಗಿತ್ತು ಅಂತ. ಆರೋಗ್ಯವಾಗಿರೋ ಎಷ್ಟೋ ಮಕ್ಕಳಲ್ಲೂ ಅದು ಜಾಸ್ತಿ ಇರುತ್ತೆ. ಹೀಗಾಗಿ ಒಂದು ಕಡೆ ಕಾಯಿಲೆ ಇಲ್ಲದ ಮಕ್ಕಳು ಪೆನ್ಸಿಲಿನ್ ಇಂಜೆಕ್ಷನ್ ತಗೋತಿರ್ತಾರೆ, ಇನ್ನೊಂದು ಕಡೆ ನಿಜವಾಗ್ಲೂ ಬೇಕಾದ ಮಕ್ಕಳು ತಪ್ಪಿಹೋಗ್ತಾರೆ. ಅದಕ್ಕೇ ಮೊದಲಿಂದ ನೋಡ್ಕೊಂಡು ಬರೋಣ.

ಶುರುವಾಗೋದು ಗಂಟಲಲ್ಲಿ. ಗ್ರೂಪ್ ಎ ಸ್ಟ್ರೆಪ್ಟೊಕಾಕಸ್ ಅನ್ನೋ ಬ್ಯಾಕ್ಟೀರಿಯಾ, ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಿಗೆ. ಜ್ವರ, ಎಂಜಲು ನುಂಗಿದ್ರೂ ನೋವು, ಕುತ್ತಿಗೆಲಿ ಮುಟ್ಟಿದ್ರೆ ನೋಯೋ ಗಂಟು, ಆದ್ರೆ ನೆಗಡಿ ಕೆಮ್ಮು ಸಾಮಾನ್ಯವಾಗಿ ಇರಲ್ಲ. ಔಷಧಿ ಕೊಡದಿದ್ರೂ ಕೆಲವೇ ದಿನದಲ್ಲಿ ತಾನಾಗೇ ಹೋಗುತ್ತೆ, ಮೋಸ ಆಗೋದು ಅಲ್ಲೇ. ಆಮೇಲೆ ಎರಡು ಮೂರು ವಾರ ಏನೂ ಇಲ್ಲ, ಮಗು ಆಟ ಆಡ್ಕೊಂಡಿರುತ್ತೆ. ಒಳಗೆ ಮಾತ್ರ ಬ್ಯಾಕ್ಟೀರಿಯಾ ವಿರುದ್ಧ ದೇಹ ತಯಾರು ಮಾಡಿದ ಆಂಟಿಬಾಡಿಗಳು ಇನ್ನೂ ಓಡಾಡ್ತಿರ್ತವೆ. ಆ ಬ್ಯಾಕ್ಟೀರಿಯಾ ಮೈಮೇಲಿರೋ ಎಂ ಪ್ರೋಟೀನ್‌ಗೂ ನಮ್ಮ ಹೃದಯದ ಕೆಲವು ಪ್ರೋಟೀನ್‌ಗಳಿಗೂ ಹೋಲಿಕೆ ಇರೋದ್ರಿಂದ, ಕೆಲವರಲ್ಲಿ ಈ ರಕ್ಷಣಾ ಪಡೆ ಗುರುತು ತಪ್ಪಿ ಸ್ವಂತ ಹೃದಯದ ಮೇಲೇ ಬೀಳುತ್ತೆ. ಹೃದಯದಲ್ಲಿ ಬ್ಯಾಕ್ಟೀರಿಯಾ ಇರೋದೇ ಇಲ್ಲ, ಇದು ತುಂಬಾ ಜನಕ್ಕೆ ಗೊತ್ತಿರಲ್ಲ.

ಕೀಲು ಜ್ವರಕ್ಕೂ ಹೃದಯಕ್ಕೂ ಸಂಬಂಧ ಇದೆ ಅಂತ ಫ್ರಾನ್ಸಿನ ಬುಯೋ 1830ರ ದಶಕದಲ್ಲೇ ಬರೆದಿದ್ರು, ಈ ಕಾಯಿಲೆ ಕೀಲನ್ನ ನೆಕ್ಕುತ್ತೆ ಹೃದಯವನ್ನ ಕಚ್ಚುತ್ತೆ ಅನ್ನೋ ಮಾತು ಕೂಡ ಆ ಶತಮಾನದ್ದೇ. ಆದ್ರೆ ಇದಕ್ಕೆಲ್ಲ ಗಂಟಲಿನ ಸ್ಟ್ರೆಪ್ ಕಾರಣ ಅಂತ ಗಟ್ಟಿಯಾಗೋಕೆ ಸುಮಾರು 100 ವರ್ಷ ಹಿಡೀತು. 1944ರಲ್ಲಿ ಡಕೆಟ್ ಜೋನ್ಸ್ ಕಾಯಿಲೆ ಗುರುತಿಸೋ ಲಕ್ಷಣಗಳ ಪಟ್ಟಿ ಕೊಟ್ರು, ಈಗಲೂ ಅದನ್ನೇ ತಿದ್ದಿ ತೀಡಿ ಬಳಸ್ತಾರೆ.

ನಿಜವಾದ ತಿರುವು ಬಂದದ್ದು ಅಮೆರಿಕದ ವಯೋಮಿಂಗ್‌ನ ಫೋರ್ಟ್ ವಾರೆನ್ ಅನ್ನೋ ಮಿಲಿಟರಿ ಕ್ಯಾಂಪಲ್ಲಿ. ಹೊಸದಾಗಿ ಸೇರಿದ ಹುಡುಗರು ಒಂದೇ ಬ್ಯಾರಕ್‌ಗಳಲ್ಲಿ ಒತ್ತೊತ್ತಾಗಿ ಮಲಗ್ತಿದ್ರು, ಒಬ್ಬನಿಗೆ ಗಂಟಲು ನೋವು ಬಂದ್ರೆ ಪಕ್ಕದವನಿಗೂ ಬರ್ತಿತ್ತು. ರಾಮೆಲ್‌ಕ್ಯಾಂಪ್, ಡೆನ್ನಿ, ವಾನಮೇಕರ್ ಮತ್ತವರ ತಂಡ ಸ್ಟ್ರೆಪ್ ಗಂಟಲು ಇದ್ದವರಲ್ಲಿ ಸುಮಾರು 800 ಜನಕ್ಕೆ ಪೆನ್ಸಿಲಿನ್ ಕೊಟ್ರು, ಇನ್ನೊಂದು ಸುಮಾರು 800 ಜನಕ್ಕೆ ಕೊಡ್ಲಿಲ್ಲ. 1950ರಲ್ಲಿ ಬಂದ ಫಲಿತಾಂಶದಲ್ಲಿ ಪೆನ್ಸಿಲಿನ್ ತಗೊಂಡವರಲ್ಲಿ ರುಮ್ಯಾಟಿಕ್ ಫೀವರ್ ಬಂದದ್ದು 2 ಜನಕ್ಕೆ, ತಗೊಳ್ಳದವರಲ್ಲಿ 17 ಜನಕ್ಕೆ. ಗಂಟಲು ನೋವು ಶುರುವಾಗಿ 9 ದಿನ ಆದ್ಮೇಲೆ ಔಷಧಿ ಕೊಟ್ರೂ ಕಾಯಿಲೆ ತಡೀಬಹುದು ಅಂತ ಆಮೇಲೆ ಅಲ್ಲೇ ಗೊತ್ತಾಯ್ತು. ಒಂದೇ ಸಲ ಚುಚ್ಚಿದ್ರೆ ವಾರಗಟ್ಟಲೆ ಮೈಯಲ್ಲಿ ನಿಲ್ಲೋ ಬೆಂಜಥೀನ್ ಪೆನ್ಸಿಲಿನ್ ಕೂಡ ಅದೇ ಸುಮಾರಿಗೆ ಬಂತು. ಅಂದ್ರೆ ಬೇಕಾದ ಔಷಧಿ ಕೈಯಲ್ಲಿದ್ದು 70 ವರ್ಷ ದಾಟಿದೆ.

ಹಾಗಾದ್ರೆ ಇನ್ನೂ ಯಾಕೆ ವಾಲ್ವ್ ಹೋಗ್ತಿದೆ? ಒಂದು ಸಾಮಾನ್ಯ ಕೇಸ್ ಹಿಡ್ಕೊಂಡು ನೋಡಿದ್ರೆ ಅರ್ಥ ಆಗುತ್ತೆ.

10 ವರ್ಷದ ಹುಡುಗಿ ಅಂತ ಇಟ್ಕೊಳ್ಳಿ. ಒಂದು ದಿನ ಬಲಗಾಲಿನ ಕಣಕಾಲು ಊದಿ ಕೆಂಪಾಗುತ್ತೆ, ಹೊದಿಕೆ ತಾಗಿದ್ರೂ ಕಿರುಚ್ತಾಳೆ. ಮೂರು ದಿನಕ್ಕೆ ಕಣಕಾಲು ಪೂರ್ತಿ ಸರಿ ಹೋಗಿ ಎಡ ಮಂಡಿ ಹಿಡ್ಕೊಳ್ಳುತ್ತೆ. ಹೀಗೆ ನೋವು ಜಾಗ ಬದಲಾಯಿಸೋದೇ ದೊಡ್ಡ ಸುಳಿವು. ಆದ್ರೆ ಆಸ್ಪಿರಿನ್ ಜಾತಿ ನೋವಿನ ಮಾತ್ರೆ ಬಿದ್ರೆ ಒಂದೆರಡು ದಿನದಲ್ಲೇ ನೋವು ಮಾಯ, ಸುಳಿವೂ ಅದರ ಜೊತೆಗೇ ಹೋಯ್ತು. ನಮ್ಮ ಹುಡುಗಿ ಪುಣ್ಯಕ್ಕೆ ಡಾಕ್ಟರ್ ಸ್ಟೆತಾಸ್ಕೋಪ್ ಇಟ್ಟು ಮರ್ಮರ್ ಅನ್ನೋ ಹೃದಯದ ಅಸಹಜ ಸದ್ದು ಕೇಳಿಸ್ಕೊಂಡ್ರು, ಎಕೋ ಸ್ಕ್ಯಾನಲ್ಲಿ ಹೃದಯದ ಎಡಭಾಗದ ಮೈಟ್ರಲ್ ವಾಲ್ವ್ ಸ್ವಲ್ಪ ಲೀಕ್ ಅಂತ ಬಂತು, 3 ವಾರಕ್ಕೊಂದು ಬೆಂಜಥೀನ್ ಇಂಜೆಕ್ಷನ್ ಶುರುವಾಯ್ತು.

ಈ ಇಂಜೆಕ್ಷನ್ ಆಗಿರೋ ಡ್ಯಾಮೇಜನ್ನ ವಾಸಿ ಮಾಡೋಕಲ್ಲ, ಮುಂದಿನ ಸ್ಟ್ರೆಪ್ ಗಂಟಲು ಬರದ ಹಾಗೆ ತಡೆಯೋಕೆ. ಒಂದು ಸಲ ಈ ಕಾಯಿಲೆ ಬಂದವರಿಗೆ ಮತ್ತೆ ಸ್ಟ್ರೆಪ್ ತಗುಲಿದ್ರೆ ಮರುಕಳಿಸೋ ಸಾಧ್ಯತೆ ಬೇರೆಯವರಿಗಿಂತ ಎಷ್ಟೋ ಪಟ್ಟು ಜಾಸ್ತಿ, ಮತ್ತೆ ಮತ್ತೆ ಬಂದಾಗಲೇ ವಾಲ್ವ್ ನಿಜವಾಗ್ಲೂ ಕೆಡೋದು. ಈ ಮಾತನ್ನ ತಂದೆ ತಾಯಿಗೆ ಯಾರಾದ್ರೂ ಕೂರಿಸ್ಕೊಂಡು ಹೇಳಿರ್ತಾರಾ ಅನ್ನೋದೇ ನನ್ನ ಪ್ರಶ್ನೆ. ಯಾಕಂದ್ರೆ ಇಂಜೆಕ್ಷನ್ ಶುರುವಾಗಿ ಒಂದೂವರೆ ವರ್ಷ ಆಗೋಷ್ಟರಲ್ಲಿ ಮಗು ಓಡಾಡ್ಕೊಂಡು ಗುಂಡಗಿರುತ್ತೆ, ಇಂಜೆಕ್ಷನ್ ವಿಪರೀತ ನೋವು, ಪುಡಿ ಸರಿಯಾಗಿ ಕರಗದೆ ಸೂಜಿ ಕಟ್ಕೊಳ್ಳುತ್ತೆ ಮತ್ತೆ ಚುಚ್ಬೇಕು, ಕೆಲವು ಸಲ ಸ್ಟಾಕೇ ಇರಲ್ಲ, ಇಷ್ಟು ಅಗ್ಗದ ಔಷಧಿ ತಯಾರಿಸೋ ಕಂಪನಿಗಳೂ ಕಮ್ಮಿ. ಪುಡಿಗೆ ಜಾಗ ಮರಗಟ್ಟಿಸೋ ಲಿಗ್ನೊಕೇನ್ ಬೆರೆಸಿ ನಿಧಾನಕ್ಕೆ ಕೊಟ್ರೆ ನೋವು ಎಷ್ಟೋ ಕಮ್ಮಿಯಾಗುತ್ತೆ, ಆದ್ರೆ ಎಲ್ಲಾ ಕಡೆ ಹಾಗೆ ಮಾಡಲ್ಲ. ಹೀಗಿರುವಾಗ ಮನೆಯವರು ನಿರ್ಲಕ್ಷ್ಯ ಮಾಡಿದ್ರು ಅಂದು ಕೈ ತೊಳ್ಕೊಳ್ಳೋದು ನನಗೆ ಸರಿ ಕಾಣಲ್ಲ.

ಅವಳ ಇಂಜೆಕ್ಷನ್ ನಿಂತುಹೋಯ್ತು. 13ನೇ ವಯಸ್ಸಲ್ಲಿ ಮತ್ತೆ ಗಂಟಲು ನೋವು, ಆಮೇಲೆ ಸ್ವಲ್ಪ ದಿನ ಜ್ವರ, ಈ ಸಲ ಕೀಲು ನೋವು ಅಷ್ಟಾಗಿ ಇರಲಿಲ್ಲ, ಯಾರಿಗೂ ಅನುಮಾನ ಬರಲಿಲ್ಲ. ಮೈಟ್ರಲ್ ವಾಲ್ವ್‌ಗೆ ಎರಡು ಪದರ, ಬಾಗಿಲಿನ ಎರಡು ರೆಕ್ಕೆ ಇದ್ದ ಹಾಗೆ. ಉರಿಯೂತ ಆಗಿ ಮಾಗುವಾಗ ಅವುಗಳ ಅಂಚು ಮೂಲೆಯಲ್ಲಿ ಒಂದಕ್ಕೊಂದು ಅಂಟ್ಕೊಳ್ತವೆ, ಪದರ ದಪ್ಪ ಆಗುತ್ತೆ, ಕೆಳಗೆ ಹಿಡ್ಕೊಂಡಿರೋ ದಾರದಂಥ ಎಳೆಗಳು ಗಿಡ್ಡ ಆಗ್ತವೆ, ಕೊನೆಗೆ ಪೂರ್ತಿ ತೆರೆಯೋ ಬಾಗಿಲು ಮೀನಿನ ಬಾಯಿ ಥರ ಸಣ್ಣ ಸೀಳಾಗುತ್ತೆ. ಇದು ತಿಂಗಳಲ್ಲಿ ಆಗಲ್ಲ, ವರ್ಷಗಟ್ಟಲೆ ನಡಿಯುತ್ತೆ. ಮಾಮೂಲಿ 4ರಿಂದ 6 ಚದರ ಸೆಂಟಿಮೀಟರ್ ಇರೋ ದಾರಿ ಅರ್ಧಕ್ಕಿಳಿದ್ರೂ ಅವಳಿಗೆ ಏನೂ ಗೊತ್ತಾಗಲ್ಲ, ಸುಮಾರು 1.5ಕ್ಕಿಂತ ಕೆಳಗೆ ಹೋದಾಗ ಮೆಟ್ಟಿಲು ಹತ್ತಿದ್ರೆ ಏದುಸಿರು.

24ಕ್ಕೆ ಬಸುರಿ. ಬಸುರಿಯಲ್ಲಿ ರಕ್ತದ ಪ್ರಮಾಣ 40 ಪರ್ಸೆಂಟಿಗೂ ಹೆಚ್ಚು ಏರುತ್ತೆ, ಹೃದಯ ಬೇಗ ಬಡಿಯೋದ್ರಿಂದ ಆ ಸಣ್ಣ ಸೀಳಲ್ಲಿ ರಕ್ತ ದಾಟೋಕೆ ಟೈಮೇ ಸಿಗಲ್ಲ, ಹಿಂದೆ ಶ್ವಾಸಕೋಶದಲ್ಲಿ ಒತ್ತಡ ಏರಿ ನೀರು ತುಂಬುತ್ತೆ. ಐದನೇ ತಿಂಗಳಲ್ಲಿ ಅವಳಿಗೆ ಮಲಗೋಕಾಗಲ್ಲ, ರಾತ್ರಿಯೆಲ್ಲ ದಿಂಬು ಒರಗಿಕೊಂಡು ಕೂತೇ ಇರ್ತಾಳೆ, ಕೆಮ್ಮಿದ್ರೆ ಗುಲಾಬಿ ಬಣ್ಣದ ನೊರೆ. ಅಸ್ತಮಾ ಅಂತ ಕೊಟ್ಟ ಇನ್ಹೇಲರಿಂದ ಏನೂ ಆಗಲಿಲ್ಲ. ಎಕೋ ಮಾಡಿದಾಗ ವಾಲ್ವ್ ದಾರಿ 0.9.

ತೊಡೆಯ ರಕ್ತನಾಳದಿಂದ ಬಲೂನ್ ಒಯ್ದು, ಹೊಟ್ಟೆಗೆ ಎಕ್ಸ್‌ರೇ ತಾಗದ ಹಾಗೆ ಮರೆ ಮಾಡಿ, ಅಂಟ್ಕೊಂಡಿದ್ದ ಅಂಚನ್ನ ಬಿಡಿಸ್ತಾರೆ. ಈ ವಿಧಾನ ಜಪಾನಿನ ಇನೊವೆ 1980ರ ದಶಕದಲ್ಲಿ ತಂದದ್ದು, ಪದರ ಮೆತ್ತಗಿದ್ದು ಲೀಕ್ ಜಾಸ್ತಿ ಇಲ್ಲದಿದ್ರೆ ಮಾತ್ರ ಆಗುತ್ತೆ, ಇಲ್ಲಾಂದ್ರೆ ಆಪರೇಷನ್ನೇ. ಅವಳ ದಾರಿ 1.8ಕ್ಕೆ ಬಂತು, ಅವತ್ತು ರಾತ್ರಿ ಚಪ್ಪಟೆ ಮಲಗಿ ನಿದ್ದೆ ಮಾಡಿದ್ಲು. ಡಿಸ್ಚಾರ್ಜ್ ಚೀಟಿಯಲ್ಲಿ ಮೊದಲನೇ ಸಾಲು 3 ವಾರಕ್ಕೊಂದು ಬೆಂಜಥೀನ್ ಪೆನ್ಸಿಲಿನ್, ಕನಿಷ್ಠ ಅವಳ ವಯಸ್ಸು 40 ಆಗೋವರೆಗೆ.