‘ತಣ್ಣಗಾದ ಮೇಲೆ ಫ್ರಿಜ್‌ನಲ್ಲಿ ಇಡಿ’ ಎಂದರೆ ಯಾವಾಗ?

ಹೋಟೆಲ್ ಅಡುಗೆಮನೆಗಳಿಗೆ ಎಸ್‌ಒಪಿ, ಅಂದರೆ ಕೆಲಸವನ್ನು ಹಂತ ಹಂತವಾಗಿ ತಿಳಿಸುವ ಹಾಳೆ, ಬರೆದುಕೊಡುವುದು ನನ್ನ ಕೆಲಸ. ಹೊಸದಾಗಿ ಸೇರಿದವನು ಯಾರನ್ನೂ ಕೇಳದೆ ಓದಿಕೊಂಡು ಮಾಡುವಂತಿರಬೇಕು, ಅಷ್ಟೇ ಷರತ್ತು. ಬೆಂಗಳೂರಿನ ಒಂದು ದರ್ಶಿನಿಗೆ ನಾನು ಬರೆದ ಮೊದಲ ಹಾಳೆಯಲ್ಲಿ, ಮರುದಿನದ ಸಾಂಬಾರಿಗೆ ರಾತ್ರಿಯೇ ಬೇಯಿಸಿಡುವ ತೊಗರಿಬೇಳೆಯ ಬಗ್ಗೆ ಒಂದೇ ಸಾಲಿತ್ತು: ‘ತಣ್ಣಗಾದ ಮೇಲೆ ಫ್ರಿಜ್‌ನಲ್ಲಿ ಇಡಿ.’

ಹೊಸ ಹುಡುಗ 20 ಲೀಟರ್ ಬೇಳೆಯ ಪಾತ್ರೆಯನ್ನು ಮುಚ್ಚಿಟ್ಟು, ಆಗಾಗ ಹೊರಗಿನಿಂದ ಮುಟ್ಟಿ ನೋಡುತ್ತ ಕಾದ. ಕಾದು ಕಾದು ನಿದ್ದೆ ಹೋದ. ಬೆಳಿಗ್ಗೆ ಐದಕ್ಕೆ ನಾನು ಥರ್ಮಾಮೀಟರ್‌ನ ಕಡ್ಡಿಯನ್ನು ಪಾತ್ರೆಯ ನಡುವಿಗೆ ಇಳಿಸಿದಾಗ 38 ಡಿಗ್ರಿ ತೋರಿಸಿತು. ಪಾತ್ರೆಯ ಅಂಚು ತಣ್ಣಗೇ ಇತ್ತು. ಅವನ ತಪ್ಪೇನೂ ಇರಲಿಲ್ಲ. ಸಾಲು ಬರೆದವನು ನಾನು.

‘ಬೆಳಿಗ್ಗೆ ಚೆನ್ನಾಗಿ ಕುದಿಸಿದರೆ ಆಯಿತು ಬಿಡಿ ಸರ್’ ಎಂದರು ಭಟ್ಟರು. ಅಡುಗೆಮನೆಯಲ್ಲಿ ಎಲ್ಲರೂ ನಂಬಿರುವ ಮಾತಿದು. ಕುದಿಯುವಾಗ ಹೆಚ್ಚಿನ ಬ್ಯಾಕ್ಟೀರಿಯಾ ಸಾಯುತ್ತವೆ ನಿಜ, ಆದರೆ ಕೆಲವು ಜಾತಿಯವುಗಳ ಬೀಜಾಣುಗಳು ಕುದಿತವನ್ನೂ ತಡೆದುಕೊಂಡು ಉಳಿಯುತ್ತವೆ. ಪಾತ್ರೆ 60 ಡಿಗ್ರಿಗಿಂತ ಕೆಳಗೆ ಇಳಿಯುತ್ತಿದ್ದಂತೆ ಅವು ಮೊಳೆಯತೊಡಗುತ್ತವೆ. ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬುದು 45 ಡಿಗ್ರಿಯ ಆಸುಪಾಸಿನಲ್ಲಿ ಸುಮಾರು 10 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಬ್ಯಾಸಿಲಸ್ ಸೀರಿಯಸ್ ಎಂಬ ಇನ್ನೊಂದು ಬಿಡುವ, ವಾಂತಿ ಬರಿಸುವ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಹಳಸಿದ ವಾಸನೆ ಬಂದರೆ ಯಾರಾದರೂ ಚೆಲ್ಲುತ್ತಾರೆ. ಇಲ್ಲಿ ವಾಸನೆಯೂ ಬರಬೇಕೆಂದಿಲ್ಲ.

ಹಾಗಾಗಿ ಲೆಕ್ಕ ಇಷ್ಟು: 60ರಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಇನ್ನು ನಾಲ್ಕು ಗಂಟೆಯೊಳಗೆ ಇಳಿಯಬೇಕು. ದೊಡ್ಡ ಪಾತ್ರೆಯನ್ನು ಹಾಗೆಯೇ ಫ್ರಿಜ್‌ಗೆ ತಳ್ಳಿದರೆ ಇದು ಸಾಧ್ಯವಿಲ್ಲ. ಬೇಳೆಯ ನಡುಭಾಗ ಬಿಸಿಯಾಗಿಯೇ ಉಳಿದು, ಪಕ್ಕದಲ್ಲಿರುವ ಹಾಲು ಮೊಸರು ಬೆಚ್ಚಗಾಗುತ್ತವೆ.

ಎರಡನೆಯ ಹಾಳೆಯಲ್ಲಿ ಬೇಯಿಸುವ ಹಂತದಿಂದಲೇ ಬದಲಾಯಿಸಿದೆ. ಬೇಳೆಗೆ ಬೇಕಾದ ನೀರಿನಲ್ಲಿ 5 ಲೀಟರ್ ಹಿಡಿದಿಟ್ಟು, ಅದನ್ನು ಮೊದಲೇ ಮಂಜುಗಡ್ಡೆ ಮಾಡಿಕೊಳ್ಳುವುದು. ಕುಡಿಯುವ ನೀರಿನದ್ದೇ ಆಗಬೇಕು, ಹೊರಗಿನಿಂದ ತರಿಸಿದ ಗಡ್ಡೆ ಬೇಡ. ಒಲೆ ಆರಿಸಿದಾಗ 15 ಲೀಟರ್ ಗಟ್ಟಿ ಬೇಳೆ 95 ಡಿಗ್ರಿ ಇರುತ್ತದೆ. 5 ಕಿಲೋ ಮಂಜುಗಡ್ಡೆ ಹಾಕಿ ತಿರುವಿದರೆ ಐದಾರು ನಿಮಿಷದಲ್ಲಿ ಅದು 50ರ ಹತ್ತಿರಕ್ಕೆ ಬರುತ್ತದೆ, ಬೇಳೆಯೂ ಬೇಕಾದ ಹದಕ್ಕೆ ತೆಳ್ಳಗಾಗುತ್ತದೆ. ಆಮೇಲೆ ನಾಲ್ಕು ಸ್ಟೀಲ್ ಟ್ರೇಗಳಿಗೆ ಐದೈದು ಲೀಟರ್ ಸುರಿದು, ಮಂಜುಗಡ್ಡೆ ಬೆರೆಸಿದ ನೀರಿನ ತೊಟ್ಟಿಯಲ್ಲಿ ಇಡುವುದು. ಬರೀ ನಲ್ಲಿ ನೀರು ಸಾಲದು: ನೀರೇ 24 ಡಿಗ್ರಿ ಇದ್ದರೆ ಬೇಳೆ 21ಕ್ಕೆ ಇಳಿಯುವುದು ಹೇಗೆ?

ಹಾಳೆಯಲ್ಲಿ ‘ಸಾಕಷ್ಟು’, ‘ಚೆನ್ನಾಗಿ’, ‘ಸ್ವಲ್ಪ ಹೊತ್ತು’ ಎಂಬ ಮಾತುಗಳನ್ನೆಲ್ಲ ಹೊಡೆದು ಹಾಕಿದೆ. ‘ಟ್ರೇನಲ್ಲಿ ಬೇಳೆ ಎರಡು ಬೆರಳಿನ ಅಗಲಕ್ಕಿಂತ ಹೆಚ್ಚು ಆಳ ಇರಬಾರದು. ಟ್ರೇಗೆ ಸುರಿದ ಗಂಟೆಯನ್ನು ಬರೆಯಿರಿ. ಎರಡು ಗಂಟೆ ಆದಾಗ ನಡುವಿನಲ್ಲಿ ಕಡ್ಡಿ ಅದ್ದಿ ಬರೆಯಿರಿ. 21 ಅಥವಾ ಕಡಿಮೆ ಇದ್ದರೆ ಫ್ರಿಜ್‌ನ ಕೆಳಗಿನ ಅರೆಗೆ. ಹೆಚ್ಚಿದ್ದರೆ ಚೆಲ್ಲಿ.’ ಫ್ರಿಜ್‌ನೊಳಗೆ 5 ಡಿಗ್ರಿ ತಲುಪಲು ಎಷ್ಟು ಹೊತ್ತು ಬೇಕೆಂದು ಮೂರು ರಾತ್ರಿ ನಾನೇ ಕಾದು ಅಳೆದು ಖಾತ್ರಿ ಮಾಡಿಕೊಂಡೆ. ಹಾಗಾಗಿ ಹುಡುಗ ನಡುರಾತ್ರಿ ಏಳಬೇಕಿಲ್ಲ, ಬೆಳಿಗ್ಗೆ ಐದಕ್ಕೆ ಒಮ್ಮೆ ನೋಡಿ ಬರೆದರೆ ಸಾಕು.

ಥರ್ಮಾಮೀಟರ್ ಸರಿಯಿದೆಯೇ ಎಂದು ವಾರಕ್ಕೊಮ್ಮೆ ನೋಡಬೇಕು. ಲೋಟದ ತುಂಬ ಮಂಜುಗಡ್ಡೆಯ ಚೂರು ಹಾಕಿ, ಮುಳುಗುವಷ್ಟು ನೀರು ಸುರಿದು, ಕಡ್ಡಿ ಅದ್ದಿದರೆ 0 ತೋರಿಸಬೇಕು. ಕುದಿಯುವ ನೀರಿನಲ್ಲಿ ಪರೀಕ್ಷಿಸುವವರಿದ್ದಾರೆ. ಬೆಂಗಳೂರಿನ ಎತ್ತರದಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಪಾಪ, ಸರಿಯಾಗಿರುವ ಥರ್ಮಾಮೀಟರ್ ಕಸದ ಬುಟ್ಟಿ ಸೇರುತ್ತದೆ.

ಹೆಚ್ಚು ವಾದ ನಡೆದದ್ದು ‘ಚೆಲ್ಲಿ’ ಎಂಬ ಪದದ ಮೇಲೆ. ಎರಡು ಗಂಟೆಗೆ ಇಳಿಯದಿದ್ದರೆ ಮತ್ತೆ 74 ಡಿಗ್ರಿಗೆ ಬಿಸಿ ಮಾಡಿ, ಮೊದಲಿನಿಂದ ತಣಿಸಲು ನಿಯಮಗಳಲ್ಲಿ ಅವಕಾಶವಿದೆ. ರಾತ್ರಿ ಹನ್ನೊಂದಕ್ಕೆ, ಒಬ್ಬನೇ ಇರುವ ಹೊಸಬನಿಗೆ ಆ ಆಯ್ಕೆ ಕೊಡಲು ನನಗೆ ಮನಸ್ಸಾಗಲಿಲ್ಲ. ಮಾಲೀಕರಿಗೆ ಫೋನ್ ಮಾಡಿ ಕೇಳುವ ಅಗತ್ಯವಿಲ್ಲ, ಚೆಲ್ಲಿದ್ದಕ್ಕೆ ಸಂಬಳ ಹಿಡಿಯುವುದಿಲ್ಲ ಎಂದು ಹಾಳೆಯ ಕೆಳಗೆ ಮಾಲೀಕರಿಂದಲೇ ಸಹಿ ಹಾಕಿಸಿದೆ.

ಹನ್ನೊಂದು ದಿನ ಎಲ್ಲವೂ ಸರಿ ಹೋಯಿತು. ಹನ್ನೆರಡನೆಯ ದಿನದ ಸಾಲಿನಲ್ಲಿ ಹುಡುಗನ ಕೈಬರಹ: ‘11:10, 26 ಡಿಗ್ರಿ, ಚೆಲ್ಲಿದೆ.’ ಆ ಬೆಳಿಗ್ಗೆ ಒಂಬತ್ತರವರೆಗೆ ಇಡ್ಲಿಗೆ ಬರೀ ಚಟ್ನಿ. ವಿಚಾರಿಸಿದರೆ, ಸಂಜೆಯ ಜ್ಯೂಸಿಗೆ ಫ್ರೀಜರ್‌ನ ಮಂಜುಗಡ್ಡೆಯೆಲ್ಲ ಖಾಲಿಯಾಗಿತ್ತು. ಹಾಳೆಯಲ್ಲಿ ಮಂಜುಗಡ್ಡೆಯ ಮಾತು ಒಲೆ ಆರಿಸುವ ಹಂತದಲ್ಲಿ ಬರುತ್ತಿತ್ತು, ಅಷ್ಟು ಹೊತ್ತಿಗೆ ಮಾಡುವಂಥದ್ದೇನೂ ಉಳಿದಿರುವುದಿಲ್ಲ. ಈಗ ಮೊದಲ ಸಾಲು ಹೀಗಿದೆ: ‘ಬೇಳೆ ತೊಳೆಯುವ ಮುನ್ನ ಫ್ರೀಜರ್ ತೆರೆದು ನೋಡಿ. ಬೇಳೆಗೆ 5 ಕಿಲೋ, ತೊಟ್ಟಿಗೆ 10 ಕಿಲೋ ಮಂಜುಗಡ್ಡೆ ಇಲ್ಲದಿದ್ದರೆ ಇವತ್ತು ಬೇಳೆ ಬೇಯಿಸಬೇಡಿ. ಬೆಳಿಗ್ಗೆ ನಾಲ್ಕಕ್ಕೆ ಕುಕ್ಕರ್ ಇಡುವಂತೆ ಭಟ್ಟರಿಗೆ ಚೀಟಿ ಬರೆದಿಡಿ.’