58 ಅಂದರೆ 5.8 ಅಲ್ಲ

ಲಂಡನ್ನಿನಲ್ಲಿ ಮಗನ ಮನೆಯಲ್ಲಿದ್ದು ವಾಪಸಾದ ಹಿರಿಯರೊಬ್ಬರು ಕ್ಲಿನಿಕ್ಕಿಗೆ ಬಂದಿದ್ದರು. ಕೈಯಲ್ಲಿ ಅಲ್ಲಿ ಮಾಡಿಸಿದ, ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ರಿಪೋರ್ಟು. ‘ಡಾಕ್ಟ್ರೇ, ಶುಗರ್ ಇಳಿದಿದೆ, 5.8. ಅದಕ್ಕೇ ರಾತ್ರಿ ಮಾತ್ರೆ ಬಿಟ್ಟೆ’ ಅಂದರು. ರಿಪೋರ್ಟಿನಲ್ಲಿದ್ದದ್ದು 58 ಮಿಲಿಮೋಲ್ ಪರ್ ಮೋಲ್. ಅದನ್ನು ಹತ್ತರಿಂದ ಭಾಗಿಸಿಕೊಂಡಿದ್ದರು.

ಹಾಗೆ ಭಾಗಿಸಿದ್ದಕ್ಕೆ ಅವರನ್ನು ದೂರುವಂತಿಲ್ಲ. ಸಾವಿರಕ್ಕೆ 58 ಇದ್ದರೆ ನೂರಕ್ಕೆ 5.8 ತಾನೇ? ಆದರೆ ಎರಡೂ ಪದ್ಧತಿ ಅಳೆಯುವುದು ಒಂದೇ ವಸ್ತುವನ್ನಲ್ಲ. ನಮ್ಮ ಲ್ಯಾಬುಗಳು ಕೊಡುವ ಶೇಕಡಾವಾರು, ಅಮೆರಿಕದಲ್ಲಿ 1993ರಲ್ಲಿ ಮುಗಿದ ದೊಡ್ಡ ಮಧುಮೇಹ ಅಧ್ಯಯನದ ಅಳತೆಗೆ ಹೊಂದಿಸಿದ್ದು. ಆಗಿನ ವಿಧಾನದಲ್ಲಿ ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಜೊತೆ ಬೇರೆ ಕೆಲವು ಅಂಶಗಳೂ ಲೆಕ್ಕಕ್ಕೆ ಸೇರುತ್ತಿದ್ದವು. ಆಮೇಲೆ ಬಂದ, ಮಿಲಿಮೋಲಿನಲ್ಲಿ ಅಂಕಿ ಕೊಡುವ ಅಂತರರಾಷ್ಟ್ರೀಯ ವಿಧಾನ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ತುದಿಗೆ ಸಕ್ಕರೆ ಅಂಟಿದ್ದನ್ನಷ್ಟೇ ಎಣಿಸುತ್ತದೆ, ಹಾಗಾಗಿ ಅಂಕಿ ಕಡಿಮೆ ಬರುತ್ತದೆ. ಬ್ರಿಟನ್ನಿನ ಲ್ಯಾಬುಗಳು 2009ರಿಂದ ಎರಡೂ ಅಂಕಿ ಕೊಟ್ಟು, 2011ರಿಂದ ಈ ಹೊಸದನ್ನಷ್ಟೇ ಉಳಿಸಿಕೊಂಡವು.

ಹಾಗಾಗಿ ಮಿಲಿಮೋಲ್ ಅಂಕಿಯನ್ನು 0.0915ರಿಂದ ಗುಣಿಸಿ, ಬಂದದ್ದಕ್ಕೆ 2.15 ಕೂಡಿಸಬೇಕು. 58ಕ್ಕೆ 5.31 ಬರುತ್ತದೆ, 2.15 ಕೂಡಿಸಿದರೆ 7.46, ಅಂದರೆ ಹತ್ತಿರ ಹತ್ತಿರ 7.5. ನಾನು ಅವರಿಗೆ ಇಟ್ಟಿದ್ದ ಗುರಿ 7. ಮಾತ್ರೆ ಬಿಡುವ ಹಂತವಾಗಿರಲಿಲ್ಲ. ಅವತ್ತೇ ಮತ್ತೆ ಶುರುಮಾಡಿಸಿದೆ.

ತಿರುಗಾ ಲೆಕ್ಕಕ್ಕೆ ಶೇಕಡಾವನ್ನು 10.93ರಿಂದ ಗುಣಿಸಿ 23.5 ಕಳೆಯಬೇಕು. ಕ್ಯಾಲ್ಕುಲೇಟರ್ ಇಲ್ಲದಾಗ ಒಂದು ಉಪಾಯವಿದೆ. 7ರಲ್ಲಿ 2 ಕಳೆದರೆ 5, ಆ 5ರಲ್ಲಿ 2 ಕಳೆದರೆ 3. ಎರಡನ್ನೂ ಪಕ್ಕಪಕ್ಕ ಬರೆದರೆ 53. ಹಾಗೆಯೇ 6ಕ್ಕೆ 42, 8ಕ್ಕೆ 64. 5ರಿಂದ 10ರವರೆಗಿನ ಪೂರ್ಣ ಸಂಖ್ಯೆಗಳಿಗೆ ಇದು ಸರಿಹೊಂದುತ್ತದೆ. ಮಧುಮೇಹ ಎಂದು ಗುರುತಿಸುವ 6.5ಕ್ಕೆ ಮಾತ್ರ 48 ಅಂತ ಬೇರೆಯಾಗಿ ನೆನಪಿಟ್ಟುಕೊಳ್ಳಬೇಕು.

ಇನ್ನೊಂದು ಕಡೆ ವೈದ್ಯರೂ ಎಡವುತ್ತಾರೆ. ಮಾತ್ರೆಯಿಂದ ‘11 ಮಿಲಿಮೋಲ್ ಇಳಿಯಿತು’ ಎಂದು ಓದಿದಾಗ ಅದನ್ನೂ ಸೂತ್ರಕ್ಕೆ ಹಾಕಿದರೆ 3.2 ಬರುತ್ತದೆ, ಅದು ಶುದ್ಧ ತಪ್ಪು. ವ್ಯತ್ಯಾಸಕ್ಕೆ 2.15 ಕೂಡಿಸಬಾರದು, ಗುಣಿಸಿದರೆ ಸಾಕು: 11ಕ್ಕೆ ಶೇಕಡಾ 1.

ಆ ಹಿರಿಯರು ಮೂರು ತಿಂಗಳ ಮೇಲೆ ಇಲ್ಲೇ ಪರೀಕ್ಷೆ ಮಾಡಿಸಿದರು, 7.2 ಬಂತು. ಮಗನಿಗೆ ಫೋನಿನಲ್ಲಿ ಹೇಳಲು ಲಂಡನ್ನಿನ ಲೆಕ್ಕದ ಅಂಕಿ ಬೇಕಂತೆ. ಚೀಟಿಯ ಹಿಂದೆ 55 ಅಂತ ಬರೆದು, ಪಕ್ಕದಲ್ಲೇ ಮಿಲಿಮೋಲ್ ಅಂತಲೂ ಬರೆದುಕೊಟ್ಟೆ. 58ರಿಂದ 55 ದೊಡ್ಡ ಇಳಿತವೇನಲ್ಲ, ಲ್ಯಾಬಿನಿಂದ ಲ್ಯಾಬಿಗೂ ಅಷ್ಟು ಏರುಪೇರು ಆಗಬಹುದು. ಅದನ್ನೂ ಹೇಳಿ ಕಳಿಸಿದೆ.